ಎಡಬದಿಗೆ ಮೂರು ಹೊಲಿಗೆ

ಮೂರೇ ಮೂರು ಓಟಿನಲ್ಲಿ ನಾನು ಸೋತೆ. ಮೂವತ್ತೊಂದು ಜನರ ಕ್ಲಾಸಿನಲ್ಲಿ ಜಹಾಂಗೀರನಿಗೆ ಹದಿನೇಳು, ನನಗೆ ಹದಿನಾಲ್ಕು. ಅದರಲ್ಲಿ ಒಂದು ನನ್ನದೇ ಎಂದು ಹೇಳಿಕೊಳ್ಳಲು ನಾಚಿಕೆಯಿಲ್ಲ. ಅವನು ತನ್ನ ಓಟನ್ನು ನನಗೆ ಹಾಕಿದ್ದ ಎಂದು ಆಮೇಲೆ ತಿಳಿಯಿತು. ಅದು ಇನ್ನೂ ಉರಿಯಿತು.

ಶಹಾಬಾದಿನಲ್ಲಿ ಆಗ ಇಂಟರ್‌ಮೀಡಿಯೆಟ್ ಕಾಲೇಜು ತೆರೆದು ಎರಡು ವರ್ಷವಾಗಿತ್ತು. ಹಾಸುಗಲ್ಲಿನ ಉದ್ದನೆಯ ಕಟ್ಟಡ, ಪಾಠದ ಐದು ಖೋಲಿ, ಬಾರಿಸಲು ಒಂದು ಗಂಟೆ. ಸೇಡಂ, ಚಿತ್ತಾಪುರ, ವಾಡಿಯ ಹುಡುಗರು ದಿನಾಲೂ ಪ್ಯಾಸೆಂಜರಿನಲ್ಲಿ ಬರುತ್ತಿದ್ದೆವು. ವಾಡಿಯಲ್ಲಿ ಇಳಿದು ಮುಕ್ಕಾಲು ತಾಸು ಕಾಯ್ದು ಬೇರೆ ಗಾಡಿ ಹತ್ತಬೇಕು. ನಾನು ಚಿತ್ತಾಪುರದವನು. ಜಹಾಂಗೀರ ವಾಡಿಯವನು, ಅವನ ಅಪ್ಪ ರೈಲ್ವೆಯಲ್ಲಿ ಹಳಿ ತಿರುಗಿಸುವ ಪಾಯಿಂಟ್ಸ್‌ಮನ್.

ಕ್ಲಾಸಿನ ಪ್ರತಿನಿಧಿ ಎಂದರೆ ದೊಡ್ಡ ಪದವಿಯೇನಲ್ಲ. ಮಾಸ್ತರರು ಹೇಳಿದ್ದನ್ನು ಕಾಗದದ ಮೇಲೆ ಬರೆದು ಹಲಗೆಗೆ ಅಂಟಿಸುವುದು, ಬಾರದವರಿಗೆ ನಕಲು ಕಳಿಸುವುದು, ನಿಬಂಧಗಳನ್ನು ಒಟ್ಟುಗೂಡಿಸಿ ಕೊಡುವುದು. ಆದರೆ ನನಗೆ ಅದು ಬೇಕಾಗಿತ್ತು. ಬರೆಯುವ ಕೆಲಸ ನನ್ನದು ಎಂದು ನಾನು ನಂಬಿದ್ದೆ. ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ವಚನದ ಓಲೆಗಳಿದ್ದವು, ಅಜ್ಜ ನನಗೆ ಓಣಿಯ ಮಠದಲ್ಲಿ ಕನ್ನಡ ತಿದ್ದಿಸಿದ್ದ. ಮನೆಯಲ್ಲಿ ದಖನಿ ಉರ್ದು ಮಾತಾಡುವ, ಕನ್ನಡವನ್ನು ಸ್ಟೇಷನ್ನಿನ ಬೋರ್ಡು ಓದಿ ಕಲಿತೆ ಎಂದು ಹೇಳಿಕೊಳ್ಳುವ ಹುಡುಗ ನನ್ನ ಮುಂದೆ ಪ್ರತಿನಿಧಿಯಾದ.

ಅದಕ್ಕಿಂತ ದೊಡ್ಡ ಪೆಟ್ಟು ಅವನ ಮೊದಲ ತಿಳಿವಳಿಕೆ ಪತ್ರ. ಹಲಗೆಯ ಮುಂದೆ ನಿಂತು ಓದಿದೆ. ಅಲಂಕಾರ ಒಂದೂ ಇಲ್ಲ. ಯಾವ ದಿನ, ಯಾವ ಹೊತ್ತು, ಯಾರ ಕೈಯಲ್ಲಿ, ಎಂಥ ಕಾಗದ, ಮರೆತರೆ ಏನಾಗುತ್ತದೆ, ಅಷ್ಟೇ. ಸೇಡಂನ ಅಂಬಾರಾಯ ಎಂಬ ಪುಣ್ಯಾತ್ಮ ಒಬ್ಬನಿದ್ದ. ರೈಲು ಬಂದು ನಿಂತಿದ್ದರೂ 'ರೈಲು ಬಂತೇನು' ಎಂದು ನಾಲ್ಕು ಜನರನ್ನು ಕೇಳುವವನು. ಅವನೂ ಆ ಪತ್ರ ಓದಿ ಬಾಯಿ ಮುಚ್ಚಿಕೊಂಡು ಹೋದ.

ಚಿಂಚೋಳಿಯ ಚಂದಮ್ಮ, ಶಹಾಬಾದಿನ ಸೋದರತ್ತೆಯ ಮನೆಯಲ್ಲಿ ಇದ್ದುಕೊಂಡು ಓದುತ್ತಿದ್ದ ನಮ್ಮ ಕ್ಲಾಸಿನ ಒಬ್ಬಳೇ ಹುಡುಗಿ, ಹಲಗೆಯ ಹತ್ತಿರ ನಿಂತು ನನಗೇ ಹೇಳಿದಳು.

"ಭಾಳ ಸಾಫ್ ಬರದಾನ ನೋಡ್ರಿ. ಯಾರನ್ನೂ ಕೇಳೂದೇ ಬ್ಯಾಡ."

"ಹೌದ್ರಿ, ಛಲೋ ಅದ," ಎಂದೆ. ಹೊಟ್ಟೆಯಲ್ಲಿ ಕಿಚ್ಚು ಹತ್ತಿತ್ತು.

ಅಂದಿನಿಂದ ನನಗೆ ಒಂದೇ ಕೆಲಸ. ಅವನ ಪ್ರತಿ ಪತ್ರದಲ್ಲೂ ತಪ್ಪು ಹುಡುಕುವುದು. ಒತ್ತಕ್ಷರ ಕೂಡ ತಪ್ಪುತ್ತಿರಲಿಲ್ಲ ಆ ಮಹಾರಾಯ.

ಆ ವರ್ಷ ಇತಿಹಾಸಕ್ಕೆ ಧಾರವಾಡದ ಕಡೆಯಿಂದ ಮಣ್ಣೂರ ಸರ್ ಬಂದಿದ್ದರು. ವರ್ಷಕ್ಕೆ ಮೂರು ನಿಬಂಧ. ಮೂರರಲ್ಲಿ ಎರಡಾದರೂ ಹೊತ್ತಿಗೆ ಸರಿಯಾಗಿ ಸಲ್ಲಿಸದವನಿಗೆ ಅವರು ಟರ್ಮ್ ಸರ್ಟಿಫಿಕೇಟಿಗೆ ಸಹಿ ಹಾಕುವುದಿಲ್ಲ. ಸಹಿ ಇಲ್ಲದಿದ್ದರೆ ಪರೀಕ್ಷೆಗೆ ಕೂಡುವಂತಿಲ್ಲ. ಮೂರನ್ನೂ ಸಲ್ಲಿಸಿ ಹೆಚ್ಚು ಅಂಕ ಪಡೆದವನಿಗೆ ಒಂದು ಬಹುಮಾನವಿತ್ತು, ಅದು ನನ್ನದೇ ಎಂದು ನಾನು ಆಗಲೇ ತೀರ್ಮಾನಿಸಿದ್ದೆ. ಜಹಾಂಗೀರ ಮೊದಲನೆಯ ನಿಬಂಧದ ಹೊತ್ತಿಗೆ ಚಳಿಜ್ವರ ಬಂದು ಮಲಗಿದ್ದ, ಕೊಟ್ಟಿರಲಿಲ್ಲ. ಎರಡನೆಯದನ್ನು ಕೊಟ್ಟಿದ್ದ. ಅಂದರೆ ಮೂರನೆಯದು ಅವನಿಗೆ ಬಿಡುವಂತಿರಲಿಲ್ಲ. ವರ್ಷ ಹೋದರೆ ಅವನ ಅಪ್ಪ ಪುಸ್ತಕ ಕಸಿದುಕೊಂಡು ಅವನನ್ನು ರೈಲ್ವೆ ಯಾರ್ಡಿನಲ್ಲಿ ಖಲಾಸಿಯ ಕೂಲಿ ಕೆಲಸಕ್ಕೆ ಹಚ್ಚುವವನಿದ್ದ. ಇದನ್ನು ಜಹಾಂಗೀರ ತಾನೇ ನನಗೆ ರೈಲಿನಲ್ಲಿ ಹೇಳಿದ್ದ, ಸ್ನೇಹಿತನೆಂದು ತಿಳಿದು.

ಮೂರನೆಯ ನಿಬಂಧ ಮಳಖೇಡದ ಕೋಟೆಯ ಮೇಲೆ. ಸೋಮವಾರ ಸರ್ ಜಹಾಂಗೀರನನ್ನು ಕರೆದು ಎಲ್ಲ ಹೇಳಿದರು. ಬುಧವಾರ ನಾನು ಒಂದು ಪುಸ್ತಕ ಹಿಂತಿರುಗಿಸಲು ಅವರ ಖೋಲಿಗೆ ಹೋದೆ. ಅವರು ಹಿಂದಿನ ನಿಬಂಧಗಳ ಕಟ್ಟನ್ನು ಹಿಡಿದು ಒದ್ದಾಡುತ್ತಿದ್ದರು.

"ಸಾಯಬಣ್ಣಾ, ಇಲ್ನೋಡು," ಎಂದರು. "ಎಲ್ಲಾನೂ ಎಡಕ್ಕ ತೂತು ಹಾಕಿ ಒಂದು ಕಟ್ಟು ಮಾಡೇನಿ. ಅರ್ಧಾ ಮಂದಿ ಬಲಕ್ಕ ಹೊಲದಾರ. ಎರಡೂ ಕಡೆ ಬಿಗದ ಮ್ಯಾಲೆ ಹಾಳಿ ತೆರಿಯೂದು ಹೆಂಗ? ಈ ಸಲ ಬಲಕ್ಕ ಹೊಲದದ್ದನ್ನ ನಾ ಮುಟ್ಟಂಗಿಲ್ಲ. ಜಹಾಂಗೀರಗ ಹೇಳೂದು ಮರತೆ. ನೀವು ಒಂದ ಗಾಡಿಯೊಳಗ ಹೋಗ್ತೀರಲ್ಲ, ಹೊಲಿಗಿ ಎಡಕ್ಕ ಅಂತ ಬರಿ ಅಂತ ಹೇಳು."

"ಹೇಳ್ತೀನ್ರಿ ಸರ್," ಎಂದೆ.

ಧಾರವಾಡದವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ, ನಮಗೆ ಅಲ್ಲ. ನಾವೆಲ್ಲ ನಮ್ಮ ಸೀಮೆಯ ಆಗಿನ ಸರ್ಕಾರಿ ಶಾಲೆಗಳಲ್ಲಿ ಮ್ಯಾಟ್ರಿಕ್ ತನಕ ಉರ್ದುವಿನಲ್ಲಿ ಓದಿದವರು. ಗಣಿತ, ಭೂಗೋಳ, ಇತಿಹಾಸ, ಎಲ್ಲ ಉರ್ದು. ಹತ್ತು ವರ್ಷ ಪುಸ್ತಕವನ್ನು ಬಲಗಡೆಯಿಂದ ಕಟ್ಟಿದ್ದನ್ನೇ ನೋಡಿದ ಕೈ, ಈಗ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆಯುತ್ತಿದ್ದರೂ, ಸೂಜಿ ಹಿಡಿದಾಗ ತಾನಾಗಿಯೇ ಬಲಕ್ಕೆ ಹೋಗುತ್ತಿತ್ತು. ಅಕ್ಷರ ಬದಲಾದವು, ಕೈಯ ರೂಢಿ ಬದಲಾಗಿರಲಿಲ್ಲ.

ಸಂಜೆ ಗಾಡಿಯಲ್ಲಿ ಜಹಾಂಗೀರ ನನ್ನ ಪಕ್ಕದಲ್ಲೇ ಬಂದು ಕುಳಿತ. ಕಿಸೆಯಿಂದ ಕರಡು ತೆಗೆದ.

"ಸಾಯಬಣ್ಣ, ನಿನ್ನ ಕನ್ನಡ ನಂದಕ್ಕಿಂತ ಛಲೋ. ಒಮ್ಮಿ ನೋಡು. ಏನರ ಬಿಟ್ಟೀನೇನು?"

ನಾನು ಓದಿದೆ. ಇಂದಿಗೂ ಅದು ನನಗೆ ಬಾಯಿಪಾಠ.

"ಇತಿಹಾಸದ ಮೂರನೆಯ ನಿಬಂಧ. ವಿಷಯ: ಮಳಖೇಡದ ಕೋಟೆ. ಕೊಡುವ ಕೊನೆಯ ದಿನ: ಫೆಬ್ರುವರಿ 16, ಶನಿವಾರ, ಮಧ್ಯಾಹ್ನ ಹನ್ನೆರಡರ ಗಂಟೆ ಬಾರಿಸುವುದರೊಳಗೆ. ಗಂಟೆಯ ನಂತರ ತೆಗೆದುಕೊಳ್ಳುವುದಿಲ್ಲ. ರೈಲು ತಡವಾದರೂ ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಗಾಡಿಯಲ್ಲಿ ಬರುವವರು ಶುಕ್ರವಾರವೇ ಕೊಡುವುದು ಒಳ್ಳೆಯದು. ಕಾಗದ: ಫುಲ್‌ಸ್ಕೇಪ್. ಒಂದೇ ಮಗ್ಗುಲಿಗೆ ಬರೆಯಬೇಕು, ಎಂಟು ಹಾಳೆಗಿಂತ ಹೆಚ್ಚು ಬೇಡ. ಎರಡೂ ಕಡೆ ಎರಡೆರಡು ಬೆರಳು ಜಾಗ ಬಿಡಬೇಕು. ಶಾಯಿ ನೀಲಿ ಅಥವಾ ಕಪ್ಪು. ಮೊದಲ ಹಾಳೆಯ ಮೇಲೆ ಹೆಸರು, ಊರು, ರೋಲ್ ನಂಬರು. ಹಾಳೆಗಳನ್ನು ಬದಿಗೆ ಬಿಳಿ ದಾರದಿಂದ ಮೂರು ಹೊಲಿಗೆ ಹಾಕಿ ಕೂಡಿಸಬೇಕು, ಟಾಚಣಿ, ಪಿನ್ನು ಚುಚ್ಚಬಾರದು. ಜವಾನ ಮಜೀದಸಾಬರ ಕೈಯಲ್ಲಿ ಕೊಟ್ಟು ವಹಿಯಲ್ಲಿ ಸಹಿ ಮಾಡಬೇಕು. ಸಹಿ ಇಲ್ಲದಿದ್ದರೆ ಕೊಟ್ಟಂತೆ ಅಲ್ಲ. ಈ ನಿಬಂಧ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ನಡೆಯುತ್ತದೆ."

'ಬದಿಗೆ' ಎನ್ನುವಲ್ಲಿ ನನ್ನ ಕಣ್ಣು ನಿಂತಿತು. ಯಾವ ಬದಿಗೆ? ಒಂದು ವರ್ಷ ಹುಡುಕಿದ ತಪ್ಪು ತಾನಾಗಿಯೇ ಬಂದು ನನ್ನ ತೊಡೆಯ ಮೇಲೆ ಕುಳಿತಿತ್ತು. ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ಸರ್ ಹೇಳೆಂದದ್ದೂ ಅದೇ ಮಾತು. ಆದರೆ ಆ ಒಂದು ಮಾತು ಸೇರಿದರೆ ಪತ್ರ ಮತ್ತೆ ಪೂರ್ತಿಯಾಗುತ್ತದೆ, ಚಂದಮ್ಮ ಮತ್ತೆ 'ಸಾಫ್' ಎನ್ನುತ್ತಾಳೆ, ಅಂಬಾರಾಯ ಮತ್ತೆ ಬಾಯಿ ಮುಚ್ಚುತ್ತಾನೆ.

"ಎಲ್ಲಾ ಸರಿ ಅದ," ಎಂದು ಕಾಗದ ಮಡಚಿ ಕೊಟ್ಟೆ.

"ಖರೇ?"

"ಖರೇ."

ಗುರುವಾರ ಅದು ಹಲಗೆಯ ಮೇಲೆ ಬಂತು. ಯಾರೂ ಏನೂ ಕೇಳಲಿಲ್ಲ. ಬದಿ ಎಂದರೆ ಯಾವ ಬದಿ ಎಂದು ಎಲ್ಲರ ಕೈಗೂ ಗೊತ್ತಿತ್ತಲ್ಲ. ನಾನು ಮನೆಗೆ ಹೋಗಿ ಮಳಖೇಡದ ಮೇಲೆ ಎಂಟು ಹಾಳೆ ಬರೆದು, ಎಡಕ್ಕೆ ಹೊಲಿದೆ.

ಹತ್ತು ದಿನ ನನಗೆ ಊಟ ರುಚಿಸಿತು. ಸುಳ್ಳು ಹೇಳುವುದಿಲ್ಲ, ಪಾಪಪ್ರಜ್ಞೆ ಗೀಪಪ್ರಜ್ಞೆ ಏನೂ ಕಾಡಲಿಲ್ಲ. ಕಟ್ಟು ತೆರೆದಾಗ ಮಣ್ಣೂರ ಸರ್ ಮುಖ ಹೇಗಾಗುತ್ತದೆ, ಕ್ಲಾಸೆಲ್ಲ ಜಹಾಂಗೀರನ ಮೇಲೆ ಹೇಗೆ ಹಾಯುತ್ತದೆ ಎಂಬುದನ್ನೇ ನೆನೆದು ಖುಷಿಪಟ್ಟೆ. ಅವನ ಸ್ವಂತ ನಿಬಂಧವೂ ಬಲಕ್ಕೆ ಹೊಲಿದಿರುತ್ತದೆ, ಅದೂ ತಿರಸ್ಕಾರವಾಗುತ್ತದೆ, ಅವನು ಯಾರ್ಡಿಗೆ ಹೋಗುತ್ತಾನೆ ಎಂಬುದು ಹೊಳೆಯಲಿಲ್ಲವೆ? ಹೊಳೆಯಿತು. ಅದನ್ನು ಬದಿಗಿಟ್ಟೆ.

ಶುಕ್ರವಾರ ಕೊಡಿ ಎಂದು ಬರೆದಿದ್ದರೂ ಗಾಡಿಯವರು ಒಬ್ಬರೂ ಶುಕ್ರವಾರ ಕೊಡಲಿಲ್ಲ. ಶನಿವಾರ ಬೆಳಿಗ್ಗೆ ಚಿತ್ತಾಪುರದಲ್ಲಿ ಗಾಡಿ ಹತ್ತಿದರೆ ಸೇಡಂನವರು ಆಗಲೇ ನಿಬಂಧಗಳನ್ನು ಒಬ್ಬರಿಗೊಬ್ಬರು ತೋರಿಸುತ್ತಿದ್ದರು. ಅಂಬಾರಾಯ ತನ್ನದನ್ನು ನನ್ನ ಮೂಗಿನ ಹತ್ತಿರ ಹಿಡಿದ.

"ನಮ್ಮವ್ವ ಹೊಲದಾಳ. ಹೊಲಿಗಿ ನೋಡು, ಕುಪ್ಪಸಕ್ಕ ಹಾಕಿದಂಗ ಅದ."

ನಿಜಕ್ಕೂ ಚಂದದ ಹೊಲಿಗೆ. ಬಲಕ್ಕೆ. ಅವನ ಪಕ್ಕದವನದೂ ಬಲಕ್ಕೆ. ಒಂಬತ್ತರಲ್ಲಿ ಏಳು ಬಲಕ್ಕೆ.

ವಾಡಿಯಲ್ಲಿ ಇಳಿದೆವು. ಜಹಾಂಗೀರ ಕೈಯಲ್ಲಿ ಹೆಸರಿನ ಪಟ್ಟಿ ಹಿಡಿದು ಪ್ಲಾಟ್‌ಫಾರಂನಲ್ಲಿ ಕಾಯುತ್ತಿದ್ದ. ಪ್ರತಿನಿಧಿಯ ಕಾಗದ ಎಲ್ಲರ ನಂತರ ಹೋಗಬೇಕೆಂಬುದು ನಮ್ಮ ಕಾಲೇಜಿನ ರೂಢಿ. ಎಲ್ಲರದೂ ಬಂತೆಂದು ಗುರುತು ಹಾಕಿ ಕೊನೆಗೆ ತನ್ನದನ್ನು ಇಡಬೇಕು. ಅವನು ಒಬ್ಬೊಬ್ಬರದನ್ನೂ ತೆಗೆದು ಹೆಸರು, ರೋಲ್ ನಂಬರು ನೋಡಿ ವಾಪಸ್ ಕೊಡುತ್ತ ಬಂದ. ನನ್ನದನ್ನು ಹಿಡಿದವನು ನಿಂತ.

"ನೀ ಎಡಕ್ಕ ಹೊಲದಿ."

"ಹೌದು."

"ಯಾಕ?"

ಸುಳ್ಳು ಹೇಳಬಹುದಿತ್ತು. ಆದರೆ ಅವನು ಜಗಳಕ್ಕೆ ಕೇಳುತ್ತಿರಲಿಲ್ಲ, ತಿಳಿದುಕೊಳ್ಳಲು ಕೇಳುತ್ತಿದ್ದ. ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ.

"ಸರ್ ಹೇಳಿದ್ರು. ಬಲಕ್ಕ ಹೊಲದದ್ದು ಮುಟ್ಟಂಗಿಲ್ಲ ಅಂತ."

"ಯಾವಾಗ ಹೇಳಿದ್ರು?"

"ಆ ಬುಧವಾರ."

ನಾನು ಕರಡು ನೋಡಿ 'ಖರೇ' ಎಂದ ಬುಧವಾರ. ಅವನು ಲೆಕ್ಕ ಹಾಕಿದ್ದು ಕಣ್ಣಲ್ಲಿ ಕಂಡಿತು. ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವನು ಪಟ್ಟಿಯನ್ನು ನನ್ನ ಕೈಗೆ ತುರುಕಿದ.

"ಯಾರ್ದು ಬಲಕ್ಕ ಅದ, ಎಲ್ಲಾರ ದಾರಾ ಬಿಚ್ಚಸು. ನಾ ಸೂಜಿ ತರ್ತೀನಿ."

ಹಳಿ ದಾಟಿ ರೈಲ್ವೆ ಕ್ವಾರ್ಟರಿನ ಕಡೆ ಓಡಿದ. ಅವನ ತಾಯಿ ಇಮಾಮ್ಬೀ ಕೌದಿ ಹೊಲಿಯುವವಳು. ಸೆರಗಿನಲ್ಲಿ ಐದಾರು ಸೂಜಿ, ದಾರದ ಉಂಡೆ ಹಿಡಿದು ಅವಳೂ ಅವನ ಹಿಂದೆಯೇ ಬಂದಳು. ಕಲ್ಲುಬೆಂಚಿನ ಮೇಲೆ ಕುಳಿತು ಹೊಲಿಯತೊಡಗಿದಳು.

"ಓದಿದ ಹುಡುಗ್ರು ನೀವು, ಯಾವ ಬಾಜೂ ಅಂತ ಮೊದಲ ಹೇಳಬಾರದೇನಪಾ," ಎಂದು ನನ್ನನ್ನೇ ನೋಡಿ ಕೇಳಿದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ನಾನು ತಲೆ ತಗ್ಗಿಸಿ ಅಂಬಾರಾಯನ ಅವ್ವನ ಚಂದದ ಹೊಲಿಗೆ ಬಿಚ್ಚುತ್ತಿದ್ದೆ.

ಗಾಡಿ ಬರುವುದರೊಳಗೆ ವಾಡಿಯ ತನಕದವರದೆಲ್ಲ ಎಡಕ್ಕಾಯಿತು. ಜಹಾಂಗೀರನದೊಂದನ್ನು ಬಿಟ್ಟು. 'ನಿಂದು ಕೊಡು' ಎಂದು ತಾಯಿ ಕೈ ಚಾಚಿದಾಗ ಗಾಡಿ ಸೀಟಿ ಹಾಕಿತು. ಅವನು ಸೂಜಿಗಳನ್ನು ಅಂಗಿಯ ಕಾಲರಿಗೆ ಚುಚ್ಚಿಕೊಂಡು ಹತ್ತಿದ.

"ನಂದು ಕಡೀಕ. ಶಹಾಬಾದಿನವ್ರು ಹದಿನೆಂಟು ಮಂದಿ ಅದಾರ, ಅವರದೆಲ್ಲಾ ಏನ್ ಆಗ್ಯಾದೋ."

ಆ ದಿನ ಗಾಡಿ ಹೊರಗಿನ ಸಿಗ್ನಲ್ಲಿನಲ್ಲಿ ಅರ್ಧ ತಾಸು ನಿಂತಿತು. ಕಾಲೇಜು ಮುಟ್ಟಿದಾಗ ಹನ್ನೊಂದೂಕಾಲು. ಗೇಟಿನ ಹತ್ತಿರ ಊರಿನವರೆಲ್ಲ ನಿಬಂಧ ಹಿಡಿದು ನಿಂತಿದ್ದರು. ಹದಿನಾಲ್ಕು ಬಲಕ್ಕೆ. ಜಹಾಂಗೀರ ಮೆಟ್ಟಿಲ ಮೇಲೆ ಕುಳಿತ. ಚಂದಮ್ಮ ಒಂದು ಸೂಜಿ ಕೇಳಿ ತೆಗೆದುಕೊಂಡು ಪಕ್ಕದ ಕಲ್ಲಿನ ಮೇಲೆ ಕುಳಿತಳು. ನನಗೂ ಒಂದು ಸೂಜಿ ಸಿಕ್ಕಿತು. ಹಾಳೆ ಹಿಡಿದಾಗಲೆಲ್ಲ ನನ್ನ ಕೈಯೂ ಮೊದಲು ಬಲಕ್ಕೇ ಹೋಗುತ್ತಿತ್ತು. ಗುಟ್ಟು ಗೊತ್ತಿದ್ದವನ ಕೈಯೂ.

ಒಂದೊಂದಾಗಿ ಮಜೀದಸಾಬರ ವಹಿಗೆ ಹೋದವು. ಅವರು ಒಬ್ಬೊಬ್ಬರ ಸಹಿ ಹಾಕಿಸಿ, ತಾವೂ ಒಂದು ಗೆರೆ ಎಳೆಯುತ್ತಿದ್ದರು. ಇಪ್ಪತ್ತೆಂಟು. ಇಪ್ಪತ್ತೊಂಬತ್ತು. ಅಂಬಾರಾಯ ಸಹಿ ಮಾಡುವಾಗ 'ಪೂರಾ ಹೆಸರೋ, ಬರೇ ಹೆಸರೋ' ಎಂದು ಕೇಳಿದ. ಮೂವತ್ತು.

ಜಹಾಂಗೀರ ತನ್ನದರ ದಾರ ಬಿಚ್ಚಿ, ಎಡಕ್ಕೆ ಮೊದಲ ಹೊಲಿಗೆ ಹಾಕಿದ. ಎರಡನೆಯದು ಹಾಕಿದ. ಹನ್ನೆರಡರ ಗಂಟೆ ಹೊಡೆಯಿತು.

ಮಜೀದಸಾಬರು ಕೆಟ್ಟವರಲ್ಲ, ಆದರೆ ನೌಕರಿ ಅವರದು. ವಹಿ ಮುಚ್ಚಿದರು.

"ನಾ ಏನ್ ಮಾಡ್ಲಿ ಬೇಟಾ. ನೀನೇ ಬರದಿ, ಗಂಟಿ ಆದ ಮ್ಯಾಲೆ ಇಲ್ಲ ಅಂತ."

ಅಷ್ಟರಲ್ಲಿ ಮಣ್ಣೂರ ಸರ್ ಹೊರಗೆ ಬಂದರು. ಮೆಟ್ಟಿಲ ತುಂಬ ಬಿಳಿ ದಾರದ ತುಂಡು ನೋಡಿದರು, ಜಹಾಂಗೀರನ ಕೈಯಲ್ಲಿದ್ದ ಅರೆಹೊಲಿದ ಹಾಳೆ ನೋಡಿದರು. ಏನಾಯಿತೆಂದು ಮಜೀದಸಾಬರು ಹೇಳಿದರು. ಸರ್ ಹುಬ್ಬು ಗಂಟಿಕ್ಕಿದರು.

"ಎಡಕ್ಕ ಅಂತ ಬರೀಲಿಲ್ಲೇನು ನೀ? ಸಾಯಬಣ್ಣಗ ಹೇಳಿ ಕಳಿಸಿದ್ದೆನಲ್ಲ. ಅಂವ ನಿನಗ ಹೇಳಲಿಲ್ಲ?"

ಎಲ್ಲರೂ ನನ್ನ ಕಡೆ ತಿರುಗಿದರು. ಚಂದಮ್ಮ ಕೂಡ. ಜಹಾಂಗೀರ ಎದ್ದು ನಿಂತ. ಅವನ ಕಾಲರಿನಲ್ಲಿ ಇನ್ನೂ ಎರಡು ಸೂಜಿ ಇದ್ದವು.

"ಅಂವ ಹೇಳಿದ್ದನ್ರಿ ಸರ್. ನಾನೇ ಬರೀಲಿಕ್ಕ ಮರತೆ."

ಅವನು ನನ್ನನ್ನು ಉಳಿಸಿದ ಎಂದು ನೀವು ಹೇಳುತ್ತೀರಿ. ಆ ಕ್ಷಣ ನನಗೆ ಅನಿಸಿದ್ದು ಅದಲ್ಲ. ಮೈಯೆಲ್ಲ ಉರಿಯಿತು. ಓಟು ಅವನದು, ಹಲಗೆ ಅವನದು, ಸಾಫ್ ಕನ್ನಡ ಅವನದು, ಈಗ ನನ್ನ ತಪ್ಪನ್ನೂ ಎತ್ತಿಕೊಂಡು ತನ್ನ ದೊಡ್ಡತನ ಮಾಡಿಕೊಳ್ಳುತ್ತಿದ್ದಾನೆ. ಖಲಾಸಿಯಾಗಿ ಯಾರ್ಡಿಗೆ ಹೋದರೂ ಇವನು ನನಗಿಂತ ಮೇಲೆಯೇ ಇರುತ್ತಾನೆ. ನಾನು ಬಹುಮಾನ ಹಿಡಿದುಕೊಂಡು ಸಾಯುವ ತನಕ ಕೆಳಗೇ ಇರಬೇಕು. ಇದೊಂದನ್ನು ಮಾತ್ರ ನಾನು ಅವನಿಗೆ ಬಿಟ್ಟುಕೊಡಲಾರದೆ ಹೋದೆ.

"ಸುಳ್ಳು ಹೇಳಾಕತ್ತಾನ್ರಿ ಸರ್," ಎಂದೆ. ದನಿ ದೊಡ್ಡದಾಗಿಯೇ ಬಂತು. "ನಾ ಹೇಳಲಿಲ್ಲ. ಅಂವ ಕರಡು ತೋರಿಸಿ ಏನರ ಬಿಟ್ಟೀನೇನು ಅಂತ ಕೇಳಿದ. ಎಲ್ಲಾ ಸರಿ ಅದ ಅಂದೆ. ಬೇಕಂತ ಅಂದೆ. ಅವನ ಹೆಸರು ಕೆಡ್ಲಿ ಅಂತ."

ನನ್ನ ಬಾಯಿಂದ ಸತ್ಯ ಹೊರಡಿಸಿದ್ದು ಧರ್ಮವಲ್ಲ, ಮತ್ಸರ. ಆದರೆ ಹೊರಗೆ ಬಂದದ್ದು ಸತ್ಯವೇ ಆಗಿತ್ತು.

ಮಣ್ಣೂರ ಸರ್ ಮಜೀದಸಾಬರ ಕಡೆ ತಿರುಗಿದರು.

"ವಹಿ ತೆಗೀರಿ. ಹೊತ್ತಿಗೆ ಬಂದದ್ದು ಮೂವತ್ತು ಕಾಗದ, ಮೂವತ್ತೇ ಇರ್ಲಿ. ಸಾಯಬಣ್ಣನ ಹೆಸರು ಹೊಡದು ಹಾಕ್ರಿ, ಅಲ್ಲಿ ಜಹಾಂಗೀರಂದು ಬರಕೋರಿ. ಸಾಯಬಣ್ಣಂದು ತಡಾ ಬಂದದ್ದು ಅಂತ ತಿರುಗಿ ಕೊಡ್ರಿ. ಅವಂದು ಎರಡು ಮೊದಲ ಬಂದಾವ, ಪರೀಕ್ಷಾಕ್ಕ ಕೂಡ್ತಾನ."

ಬಹುಮಾನ ಹೋಯಿತು. ಮಜೀದಸಾಬರು ನನ್ನ ಹೆಸರಿನ ಮೇಲೆ ಗೆರೆ ಎಳೆದು, ಎಡಕ್ಕೆ ನೆಟ್ಟಗೆ ಹೊಲಿದ ನನ್ನ ಎಂಟು ಹಾಳೆ ನನ್ನ ಕೈಗಿಟ್ಟರು. ಜಹಾಂಗೀರ ಮೂರನೆಯ ಹೊಲಿಗೆ ಹಾಕಿ, ಹಲ್ಲಿನಿಂದ ದಾರ ಕಡಿದು, ಸಹಿ ಮಾಡಿದ.

ಸಂಜೆ ಗಾಡಿಯಲ್ಲಿ ನನ್ನ ಪಕ್ಕದ ಜಾಗ ಖಾಲಿ ಇತ್ತು. ಅಂಬಾರಾಯ ಕೂಡ ಏನೂ ಕೇಳಲಿಲ್ಲ, ಅದಕ್ಕಿಂತ ದೊಡ್ಡ ಶಿಕ್ಷೆ ಬೇಕೆ? ವಾಡಿ ಹತ್ತಿರ ಬಂದಾಗ ಜಹಾಂಗೀರ ಬಾಗಿಲ ಬಳಿಯಿಂದ ಎದ್ದು ಬಂದು ಆ ಖಾಲಿ ಜಾಗದಲ್ಲಿ ಕುಳಿತ.

"ಇನ್ನ ಮುಂದೂ ಕರಡು ನಿನಗೇ ತೋರಸ್ತೀನಿ," ಎಂದ.

"ನನಗ ಯಾಕ? ಮಾಡಿದ್ದು ಸಾಲದೇನು?"

"ಉಳದವ್ರು ನಾ ಬರದದ್ದು ಓದ್ತಾರ, ಛಲೋ ಅದ ಅಂತಾರ. ನೀ ತಪ್ಪ ಹುಡುಕತಿ. ಆ ಬುಧವಾರ ಕರಡು ಓದೂವಾಗ ನೀ ಎಲ್ಲಿ ತಡದಿ ಅಂತ ನಾ ನೋಡೀನಿ. ಬದಿಗೆ ಅನ್ನೂ ಮಾತಿನ ಮ್ಯಾಲೆ ನಿನ್ನ ಕಣ್ಣು ನಿಂತಿತ್ತು. ಕೇಳಬೇಕು ಅನ್ನಿಸ್ತು, ಕೇಳಲಿಲ್ಲ. ಅದು ನನ್ನ ತಪ್ಪು."

ಅವನು ಇಳಿದು ಹೋದ. ನಾನು ವಾಡಿಯಲ್ಲಿ ಗಾಡಿ ಬದಲಿಸಿ, ಚಿತ್ತಾಪುರದ ತನಕ ಕಿಟಕಿಯ ಹೊರಗೆ ನೋಡುತ್ತ ಕುಳಿತೆ.

ಪರೀಕ್ಷೆಯ ಮುಂಚೆ ಅವನು ಇನ್ನೂ ಎರಡು ಪತ್ರ ಬರೆದ. ಎರಡನ್ನೂ ನನ್ನ ಕೈಗೆ ಕೊಟ್ಟ. ಮೊದಲನೆಯದರಲ್ಲಿ ನಾನು ನಾಲ್ಕು ತಪ್ಪು ಹಿಡಿದೆ, ಎರಡನೆಯದರಲ್ಲಿ ಒಂದು. ಹಿಡಿಯುವಾಗ ಹೊಟ್ಟೆ ಉರಿಯುತ್ತಲೇ ಇತ್ತು, ಅದು ಆರಿತು ಎಂದರೆ ನಂಬಬೇಡಿ. ಹಾಲ್ ಟಿಕೆಟ್ಟಿನ ಪತ್ರ ಹಲಗೆಗೆ ಬಂದ ದಿನ ಅಂಬಾರಾಯ ಅದರ ಮುಂದೆ ಬಹಳ ಹೊತ್ತು ನಿಂತಿದ್ದ. ಏನೋ ಕೇಳಲು ಬಾಯಿ ತೆರೆದವನು, ಕೊನೆಯ ಸಾಲು ಓದಿ, ತಲೆಯಾಡಿಸಿ ಹೊರಟುಹೋದ. ನಾನು ಹತ್ತಿರ ಹೋಗಿ ನೋಡಿದೆ. ಕರಡಿನಲ್ಲಿ ಇಲ್ಲದ ಒಂದು ಸಾಲನ್ನು ಜಹಾಂಗೀರ ಕೆಳಗೆ ಸೇರಿಸಿದ್ದ: "ಇದನ್ನು ಚಿತ್ತಾಪುರದ ಸಾಯಬಣ್ಣ ಓದಿ ನೋಡಿದ್ದಾನೆ."